ಪುಟದ ಕೆಳಗೆ ಅನುವಾದಕನ ಒಂದು ಸಾಲು

ರಷ್ಯದ ಆ್ಯಂಟನ್ ಚೆಕಾಫ್ 1883ರಲ್ಲಿ ಬರೆದ ಪುಟ್ಟ ಕಥೆಯೊಂದಿದೆ. ಹೆಸರು ‘ಡುಮ್ಮ ಮತ್ತು ಸಣಕಲ’ ಎಂದಿಟ್ಟುಕೊಳ್ಳೋಣ. ರೈಲು ನಿಲ್ದಾಣದಲ್ಲಿ ಇಬ್ಬರು ಹಳೆಯ ಸಹಪಾಠಿಗಳು ಅಕಸ್ಮಾತ್ತಾಗಿ ಎದುರಾಗುತ್ತಾರೆ. ತಬ್ಬಿಕೊಳ್ಳುತ್ತಾರೆ, ಕಣ್ಣು ತುಂಬಿಕೊಳ್ಳುತ್ತಾರೆ, ಶಾಲೆಯ ದಿನಗಳನ್ನು ನೆನೆದು ನಗುತ್ತಾರೆ. ಸಣಕಲ ತನ್ನ ಹೆಂಡತಿಯನ್ನೂ ಮಗನನ್ನೂ ಪರಿಚಯಿಸಿ, ತಾನು ಯಾವ ಹುದ್ದೆಯಲ್ಲಿದ್ದೇನೆಂದು ಹೇಳಿಕೊಳ್ಳುತ್ತಾನೆ. ಆಮೇಲೆ ಡುಮ್ಮ ತನ್ನ ಹುದ್ದೆ ಹೇಳುತ್ತಾನೆ. ಅಷ್ಟೇ. ಸಣಕಲನ ಮುಖ ಬಿಳಿಚಿಕೊಳ್ಳುತ್ತದೆ, ಬೆನ್ನು ಬಾಗುತ್ತದೆ, ಮಗ ಸಮವಸ್ತ್ರದ ಗುಂಡಿಗಳನ್ನೆಲ್ಲ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಾನೆ. ಗಳಿಗೆಯ ಹಿಂದೆ ಗೆಳೆಯನಾಗಿದ್ದವನು ಈಗ ಮಹಾಸ್ವಾಮಿ.

ಇಡೀ ಕಥೆ ನಿಂತಿರುವುದು ಎರಡು ಹುದ್ದೆಗಳ ನಡುವಿನ ಅಂತರದ ಮೇಲೆ. ಸಣಕಲ ‘ಕಾಲೇಜಿಯೇಟ್ ಅಸೆಸರ್’, ಡುಮ್ಮ ‘ಪ್ರಿವಿ ಕೌನ್ಸಿಲರ್’. ಚೆಕಾಫನ ಕಾಲದ ರಷ್ಯನ್ ಓದುಗನಿಗೆ ಈ ಎರಡು ಹೆಸರು ಕಿವಿಗೆ ಬಿದ್ದರೆ ಸಾಕು, ಯಾರು ಯಾರಿಗೆ ಬಗ್ಗಬೇಕೆಂದು ಗೊತ್ತಾಗುತ್ತಿತ್ತು. ನಮ್ಮಲ್ಲಿ ಗುಮಾಸ್ತ, ತಹಶೀಲ್ದಾರ, ಜಿಲ್ಲಾಧಿಕಾರಿ ಎಂದರೆ ಯಾರೂ ವಿವರಣೆ ಕೇಳುವುದಿಲ್ಲವಲ್ಲ, ಹಾಗೆ. ಕನ್ನಡದ ಓದುಗರಿಗೆ ಮಾತ್ರ ಆ ಹೆಸರುಗಳಿಂದ ಏನೂ ತಿಳಿಯದು. ತಿಳಿಯದಿದ್ದರೆ ಹೋಗಲಿ, ‘ಕಾಲೇಜಿಯೇಟ್’ ಎಂದ ಕೂಡಲೇ ಕಾಲೇಜಿನ ಮೇಷ್ಟ್ರು ನೆನಪಾಗಿ ದಾರಿ ತಪ್ಪುವ ಅಪಾಯವೂ ಇದೆ.

ಅನುವಾದಕರು ಟಿಪ್ಪಣಿ ಬರೆಯಲೇಬೇಕಾದ ಜಾಗ ಇದು. ಮೂಲದ ಓದುಗರಿಗೆ ಹೇಳದೆಯೇ ಗೊತ್ತಿದ್ದ ಸಂಗತಿ, ನಮ್ಮ ಓದುಗರಿಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಕಥೆಯೇ ಕೈತಪ್ಪುತ್ತದೆ. ಈ ಎರಡೂ ಕೂಡಿದಾಗ ಮಾತ್ರ ಟಿಪ್ಪಣಿಗೆ ಕೆಲಸವಿದೆ ಎಂದು ನಾನು ನಂಬಿದ್ದೇನೆ. ಒಂದು ವಿವರ ಗೊತ್ತಾಗದೆ ಓದುಗರ ಸಾಮಾನ್ಯ ಜ್ಞಾನಕ್ಕಷ್ಟೇ ನಷ್ಟವಾಗುವುದಾದರೆ ಅದನ್ನು ಬಿಟ್ಟುಬಿಡಬಹುದು.

ಬರೆಯಬೇಕು ಎಂದು ತೀರ್ಮಾನಿಸಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಅನುವಾದಕರು ಓದಿಕೊಂಡವರು, ಓದಿದ್ದನ್ನೆಲ್ಲ ಹೇಳಬೇಕೆನಿಸುತ್ತದೆ. ಈ ಕಥೆಗೆ ಬರುವ ಮೊದಲ ಕರಡು ಟಿಪ್ಪಣಿ ಹೆಚ್ಚುಕಡಿಮೆ ಹೀಗಿರುತ್ತದೆ:

“ಕಾಲೇಜಿಯೇಟ್ ಅಸೆಸರ್: ಸಾಮ್ರಾಟ ಮಹಾ ಪೀಟರ್ 1722ರಲ್ಲಿ ಜಾರಿಗೆ ತಂದ ದರ್ಜೆಪಟ್ಟಿಯ ಪ್ರಕಾರ ರಷ್ಯದ ಸೇನೆ, ಆಡಳಿತ ಮತ್ತು ಅರಮನೆಯ ನೌಕರರನ್ನು 14 ದರ್ಜೆಗಳಲ್ಲಿ ವಿಂಗಡಿಸಲಾಗಿತ್ತು. ಇದು 8ನೆಯ ದರ್ಜೆ. ಸೇನೆಯ ಮೇಜರ್ ಹುದ್ದೆಗೆ ಸಮಾನ. 1845ರವರೆಗೆ ಈ ದರ್ಜೆ ಮುಟ್ಟಿದವರಿಗೆ ವಂಶಪಾರಂಪರ್ಯವಾದ ಕುಲೀನ ಪದವಿ ಸಿಗುತ್ತಿತ್ತು. ಕಥೆಯಲ್ಲಿ ಮುಂದೆ ಬರುವ ಪ್ರಿವಿ ಕೌನ್ಸಿಲರ್ 3ನೆಯ ದರ್ಜೆಯವನು. ಈ ಪದ್ಧತಿ 1917ರ ಕ್ರಾಂತಿಯ ನಂತರ ರದ್ದಾಯಿತು.”

ಇದರಲ್ಲಿ ಒಂದು ತಪ್ಪೂ ಇಲ್ಲ. ಆದರೂ ಇದು ಕೆಟ್ಟ ಟಿಪ್ಪಣಿ. ಪೀಟರ್ ದೊರೆ, ಮೇಜರ್, ಕುಲೀನ ಪದವಿ, ಕ್ರಾಂತಿ ಇವು ಯಾವುವೂ ರೈಲು ನಿಲ್ದಾಣದಲ್ಲಿ ನಿಂತ ಆ ಇಬ್ಬರಿಗೆ ಸಂಬಂಧಿಸಿದ್ದಲ್ಲ. ಇದಕ್ಕಿಂತ ದೊಡ್ಡ ಅಪರಾಧ ಡುಮ್ಮನ ಹುದ್ದೆಯನ್ನು ಮೊದಲೇ ಬಯಲು ಮಾಡಿರುವುದು. ಚೆಕಾಫ್ ಜತನದಿಂದ ಬಚ್ಚಿಟ್ಟುಕೊಂಡು ಬಂದದ್ದನ್ನು ಅನುವಾದಕ ಪುಟದ ಕೆಳಗೆ ಕೂತು ಹೇಳಿಬಿಟ್ಟಿದ್ದಾನೆ. ಮುಂದೆ ಬರುವುದನ್ನು ಟಿಪ್ಪಣಿ ಎಂದೂ ಹೇಳಬಾರದು.

ಕಡಿದು ಉಳಿಸಿಕೊಳ್ಳಬೇಕಾದದ್ದು ಇಷ್ಟು:

“* ಝಾರ್ ಕಾಲದ ರಷ್ಯದಲ್ಲಿ ಸರ್ಕಾರಿ ನೌಕರರಿಗೆ 14 ದರ್ಜೆಗಳಿದ್ದವು, 1ನೆಯದು ಎಲ್ಲಕ್ಕಿಂತ ಮೇಲು. ಇದು 8ನೆಯದು. —ಅನು.”

ಹನ್ನೆರಡು ಪದ. ಕಣ್ಣು ಪುಟದ ಕೆಳಗಿಳಿದು, ಓದಿ, ಮತ್ತೆ ಅದೇ ಸಾಲಿಗೆ ಮರಳುವಷ್ಟರಲ್ಲಿ ಕಥೆಯ ಜಾಡು ತಪ್ಪುವುದಿಲ್ಲ. ಅಚ್ಚಾದ ಪುಟದಲ್ಲಿ ಎರಡು ಸಾಲು ಮೀರಿದ ಟಿಪ್ಪಣಿಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿ ಕಥೆಗೆ ಬೇಡದ ಒಂದು ವಾಕ್ಯವಾದರೂ ಖಂಡಿತ ಇರುತ್ತದೆ. ಕೊನೆಯ ‘—ಅನು.’ ಎಂಬುದನ್ನು ಬಿಡಬಾರದು. ಎಷ್ಟೋ ಲೇಖಕರು ತಾವೇ ಅಡಿಟಿಪ್ಪಣಿ ಹಾಕಿರುತ್ತಾರೆ. ‘ಯುದ್ಧ ಮತ್ತು ಶಾಂತಿ’ಯಲ್ಲಿ ಪಾತ್ರಗಳು ಆಡುವ ಫ್ರೆಂಚ್ ಮಾತುಗಳಿಗೆ ಪುಟದ ಕೆಳಗೆ ರಷ್ಯನ್ ಅರ್ಥ ಇರುವುದು ಮೂಲದಲ್ಲೇ. ಅಂಥ ಪುಸ್ತಕದಲ್ಲಿ ಅನುವಾದಕನ ಮಾತೂ ಸೇರಿಕೊಂಡರೆ, ಹೇಳುತ್ತಿರುವವರು ಯಾರೆಂದು ಓದುಗರಿಗೆ ತಿಳಿಯಬೇಕು.

ಟಿಪ್ಪಣಿಯ ಗುರುತನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಈ ಕಥೆಯಲ್ಲಿ ಅದು ಸಣಕಲ ತನ್ನ ಹುದ್ದೆ ಹೇಳುವ ಕಡೆಯೇ ಬರಬೇಕು. ಅಲ್ಲಿ ಕಥೆ ಇನ್ನೂ ಆರಾಮಾಗಿ ಹರಟುತ್ತಿದೆ, ಓದುಗರಿಗೆ ಒಂದು ಕ್ಷಣ ನಿಲ್ಲಲು ಬಿಡುವಿದೆ. ಡುಮ್ಮ ಬಾಯಿಬಿಡುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಇಟ್ಟರೆ, ನಗು ಹುಟ್ಟುವ ಕ್ಷಣದಲ್ಲೇ ಓದುಗರನ್ನು ಕೆಳಗೆ ಎಳೆದಂತೆ. ಅಲ್ಲಿ ಬೇರೆ ಉಪಾಯ ಬೇಕು. ಡುಮ್ಮನ ಮಾತಿನೊಳಗೇ ‘ಮೂರನೆಯ ದರ್ಜೆ’ ಎಂಬ ಎರಡು ಪದ ಸೇರಿಸಿದರೆ ಸಾಕು. ಮೂಲದಲ್ಲಿ ಸಣಕಲ ಮೊದಲು ತಾನೇ ಒಂದು ಊಹೆ ಮಾಡುತ್ತಾನೆ: ನೀನು ಸ್ಟೇಟ್ ಕೌನ್ಸಿಲರ್ ಆಗಿರಬೇಕು ಎನ್ನುತ್ತಾನೆ. ಅದು ಐದನೆಯ ದರ್ಜೆ. ಅವನ ಬಾಯಲ್ಲಿ ‘ಐದನೆಯ ದರ್ಜೆ’ ಬಂದು, ಇನ್ನೂ ಮೇಲೆ ಎಂದು ಡುಮ್ಮ ‘ಮೂರನೆಯದು’ ಎಂದಾಗ, ಆಗಲೇ ಓದಿದ ಹನ್ನೆರಡು ಪದದ ಟಿಪ್ಪಣಿ ತನ್ನ ಕೆಲಸ ಮಾಡುತ್ತದೆ. ಎಂಟನೆಯವನು ಮೂರನೆಯವನ ಮುಂದೆ ನಿಂತಿದ್ದಾನೆ ಎಂದು ಲೆಕ್ಕ ಹಾಕಿಕೊಳ್ಳುವವರು ಓದುಗರೇ.

ಹೀಗೆ ಒಂದೆರಡು ಪದವನ್ನು ಪಠ್ಯದೊಳಗೇ ಕರಗಿಸುವುದು ಅನುವಾದಕನ ಬಳಿ ಇರುವ ಅತ್ಯುತ್ತಮ ಸಾಧನ. ಸಣಕಲ ತನಗೆ ‘ಸ್ಟಾನಿಸ್ಲಾವ್’ ಬಂದಿದೆ ಎನ್ನುತ್ತಾನೆ. ‘ಸ್ಟಾನಿಸ್ಲಾವ್ ಪದಕ’ ಎಂದರೆ ಮುಗಿಯಿತು. ರಷ್ಯದ ಗೌರವ ಪದಕಗಳ ಸಾಲಿನಲ್ಲಿ ಅದು ತೀರ ಕೆಳಗಿನದು ಎಂಬ ವಿವರ ಸೊಗಸಾದದ್ದೇ. ಆದರೆ ಡುಮ್ಮ ತನಗೆ ಎರಡು ನಕ್ಷತ್ರ ಪದಕಗಳಿವೆ ಎನ್ನುವಾಗ ಆ ಹೋಲಿಕೆ ತಾನಾಗಿಯೇ ಆಗುತ್ತದೆ.

ಇದೇ ಕಥೆಯಲ್ಲಿ ಟಿಪ್ಪಣಿ ಬರೆಯಲು ಆಸೆ ಹುಟ್ಟಿಸುವ ಇನ್ನೊಂದು ಜಾಗವಿದೆ. ಶಾಲೆಯಲ್ಲಿ ಡುಮ್ಮನಿಗೆ ಹೆರೊಸ್ಟ್ರಾಟಸ್ ಎಂದೂ, ಸಣಕಲನಿಗೆ ಎಫಿಯಾಲ್ಟಿಸ್ ಎಂದೂ ಅಡ್ಡಹೆಸರು. ಎಫೆಸಸ್ಸಿನ ಆರ್ಟೆಮಿಸ್ ದೇಗುಲಕ್ಕೆ ಬೆಂಕಿ ಇಟ್ಟವನು ಹೆರೊಸ್ಟ್ರಾಟಸ್. ಥರ್ಮೋಪಿಲೆಯ ಯುದ್ಧದಲ್ಲಿ ಪರ್ಷಿಯನ್ನರಿಗೆ ಗುಟ್ಟಿನ ದಾರಿ ತೋರಿಸಿ ಗ್ರೀಕರಿಗೆ ದ್ರೋಹ ಬಗೆದವನು ಎಫಿಯಾಲ್ಟಿಸ್. ಬರೆಯಲು ಕೈ ತುರಿಸುತ್ತದೆ. ಆದರೆ ಚೆಕಾಫ್ ಆ ಹೆಸರುಗಳ ಜೊತೆಗೇ ಕಾರಣವನ್ನೂ ಕೊಟ್ಟಿದ್ದಾನೆ: ಒಬ್ಬ ಸಿಗರೇಟಿನಿಂದ ಶಾಲೆಯ ಪುಸ್ತಕ ಸುಟ್ಟಿದ್ದ, ಇನ್ನೊಬ್ಬನಿಗೆ ಚಾಡಿ ಹೇಳುವ ಚಾಳಿ. ಸುಟ್ಟವನೊಬ್ಬ, ಚಾಡಿಕೋರನೊಬ್ಬ ಎಂಬಷ್ಟು ಅರ್ಥ ಹೊರಟಿತು. ಲೇಖಕ ಮಾಡಿ ಮುಗಿಸಿದ ಕೆಲಸವನ್ನು ಅನುವಾದಕ ಮತ್ತೆ ಮಾಡಬೇಕಾಗಿಲ್ಲ.

ನಮ್ಮಲ್ಲಿ ರಷ್ಯನ್ ಸಾಹಿತ್ಯ ಬಹುಪಾಲು ಇಂಗ್ಲಿಷಿನ ಮೂಲಕ ಬಂದದ್ದು. ಹಾಗಾಗಿ ಇಂಗ್ಲಿಷ್ ಅನುವಾದಕನ ಟಿಪ್ಪಣಿಗಳೂ ಹಾಗೇ ಕನ್ನಡಕ್ಕೆ ಇಳಿದುಬಿಡುತ್ತವೆ. ಅವು ಇಂಗ್ಲಿಷ್ ಓದುಗನಿಗೆಂದು ಬರೆದವು. ಸಣಕಲ ಮೊದಲು ಏಕವಚನದಲ್ಲಿ ಮಾತಾಡುತ್ತಿದ್ದು ಆಮೇಲೆ ಬಹುವಚನಕ್ಕೆ ಜಾರುತ್ತಾನೆ ಎಂಬುದನ್ನು ಇಂಗ್ಲಿಷಿನವರು ಟಿಪ್ಪಣಿ ಹಾಕಿ ತಿಳಿಸಬೇಕಾದೀತು. ಅವರಿಗೆ ಇರುವುದು ಒಂದೇ ಸರ್ವನಾಮ. ಕನ್ನಡದಲ್ಲಿ ‘ನೀನು’ ಇದ್ದಕ್ಕಿದ್ದಂತೆ ‘ತಾವು’ ಆದರೆ ಮಕ್ಕಳಿಗೂ ತಿಳಿಯುತ್ತದೆ. ಅವನು ಪ್ರತಿ ಮಾತಿನ ಕೊನೆಗೂ ಅಂಟಿಸುವ ವಿನಯದ ಪ್ರತ್ಯಯಕ್ಕೆ ನಮ್ಮಲ್ಲಿ ‘ಸ್ವಾಮಿ’, ‘ಬುದ್ಧಿ’ ಕಾದು ಕೂತಿವೆ. ಇಂಗ್ಲಿಷಿನಿಂದ ಬಂದ ಪ್ರತಿ ಟಿಪ್ಪಣಿಯನ್ನೂ ಇದು ನಮ್ಮವರಿಗೆ ಬೇಕೇ ಎಂದು ಕೇಳಿಯೇ ಒಳಗೆ ಬಿಡಬೇಕು.

ಇನ್ನು ಆವರಣ. ಪದದ ಪಕ್ಕದಲ್ಲೇ ಅರ್ಥ ಕೊಡುವುದು ಅನುಕೂಲವೆನ್ನುವುದು ನಿಜ, ಕಣ್ಣು ಕೆಳಗಿಳಿಯಬೇಕಾಗಿಲ್ಲ. ಲೇಖನ, ಇತಿಹಾಸ, ಪತ್ರಗಳ ಅನುವಾದದಲ್ಲಿ ಅದು ಚೆನ್ನಾಗಿ ಹೊಂದುತ್ತದೆ. ‘ಹತ್ತು ಪೂಡ್ [ಸುಮಾರು 164 ಕಿಲೊ] ಹಿಟ್ಟು’ ಎಂದು ಬರೆದರೆ ಯಾರಿಗೂ ತೊಂದರೆಯಿಲ್ಲ. ದುಂಡು ಆವರಣ ಮೂಲ ಲೇಖಕನದು, ಚೌಕ ಆವರಣ ಅನುವಾದಕನದು ಎಂಬ ಪದ್ಧತಿಯನ್ನು ಪುಸ್ತಕದುದ್ದಕ್ಕೂ ಪಾಲಿಸಬೇಕು. ಸರ್ಕಾರಿ ದಾಖಲೆಗಳ ಅನುವಾದದಲ್ಲಂತೂ ಚೌಕ ಆವರಣವಿಲ್ಲದೆ ನಡೆಯದು. [ಮೊಹರು], [ಸಹಿ], [ಅಕ್ಷರ ಅಳಿಸಿದೆ] ಎಂದು ಇದ್ದದ್ದನ್ನು ಇದ್ದ ಹಾಗೆ ತೋರಿಸಲೇಬೇಕು. ಆದರೆ ಕಥೆಯ ಸಂಭಾಷಣೆಯಲ್ಲಿ ಆವರಣ ಬೇಡ. ಪಾತ್ರ ಮಾತಾಡುತ್ತಿರುವಾಗ ನಡುವೆ ಆವರಣ ತೆರೆದರೆ, ಆ ವಿವರಣೆಯನ್ನೂ ಪಾತ್ರವೇ ಹೇಳಿದಂತೆ ಕೇಳಿಸುತ್ತದೆ.

ಒಂದೇ ಕಥೆಯಲ್ಲ, ಚೆಕಾಫನ ಇಪ್ಪತ್ತು ಕಥೆಗಳ ಸಂಕಲನ ಎಂದುಕೊಳ್ಳಿ. ಆಗ ದರ್ಜೆಗಳು ಹತ್ತಾರು ಕಡೆ ಬರುತ್ತವೆ. ಇವಾನ್ ಇವಾನೊವಿಚ್ ಎಂದರೆ ಇವಾನನ ಮಗ ಇವಾನ್ ಎಂಬುದೂ ಪದೇ ಪದೇ ಏಳುವ ಪ್ರಶ್ನೆ. ಅಂಥವನ್ನು ಪುಸ್ತಕದ ಮೊದಲಿಗೆ ಒಂದು ಪುಟದಲ್ಲಿ ಹೇಳಿ ಮುಗಿಸುವುದು ಲೇಸು. ಎಲ್ಲಿ ಟಿಪ್ಪಣಿ ಬೇಕು ಎಂದು ಕಂಡುಕೊಳ್ಳಲು ನಾನು ನೆಚ್ಚಿರುವ ವಿಧಾನ ಒಂದೇ. ಟಿಪ್ಪಣಿಗಳನ್ನೆಲ್ಲ ತೆಗೆದು, ಮೂಲದ ನಾಡಿನ ಪರಿಚಯವಿಲ್ಲದ ಒಬ್ಬರ ಮುಂದೆ ಅನುವಾದವನ್ನು ಗಟ್ಟಿಯಾಗಿ ಓದಬೇಕು. ಅವರು ತಡೆದು ಕೇಳಿದ ಕಡೆ ಮಾತ್ರ ಗುರುತು ಹಾಕಬೇಕು.

ಈ ವಿಷಯದಲ್ಲಿ ದೊಡ್ಡವರ ನಡುವೆಯೇ ಒಮ್ಮತವಿಲ್ಲ. ಪುಷ್ಕಿನನ ‘ಯೆವ್ಗೆನಿ ಒನೇಗಿನ್’ ಕಾವ್ಯವನ್ನು ನಬಕೋವ್ 1964ರಲ್ಲಿ ಇಂಗ್ಲಿಷಿಗೆ ತಂದಾಗ ಅದು ನಾಲ್ಕು ಸಂಪುಟವಾಯಿತು. ಅನುವಾದ ಮೊದಲ ಸಂಪುಟದಲ್ಲೇ ಮುಗಿದು, ಮುಂದಿನೆರಡು ಸಂಪುಟ ಬರೀ ವ್ಯಾಖ್ಯಾನ. ಎ.ಕೆ. ರಾಮಾನುಜನ್ ಅನಂತಮೂರ್ತಿಯವರ ‘ಸಂಸ್ಕಾರ’ದ ಇಂಗ್ಲಿಷ್ ಅನುವಾದದಲ್ಲಿ ಟಿಪ್ಪಣಿಗಳನ್ನು ಪುಸ್ತಕದ ಕೊನೆಗಿಟ್ಟರು. ಬಾನು ಮುಷ್ತಾಕ್ ಅವರ ಕಥೆಗಳನ್ನು ‘ಹಾರ್ಟ್ ಲ್ಯಾಂಪ್’ ಎಂದು ಅನುವಾದಿಸಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಹಂಚಿಕೊಂಡ ದೀಪಾ ಭಾಸ್ತಿ ಅಡಿಟಿಪ್ಪಣಿಯನ್ನೇ ಬೇಡವೆಂದರು. ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸಲೂ ಇಲ್ಲ. ವಿದ್ವಾಂಸರಿಗೆ ನಬಕೋವನ ಸಂಪುಟಗಳು ಬೇಕು, ಒಪ್ಪುತ್ತೇನೆ. ಸಂಜೆ ಹೊತ್ತು ಕಥೆ ಓದಲು ಕೂತವರಿಗೆ ಬೇಕಿಲ್ಲ. ಟಿಪ್ಪಣಿಯೇ ಬೇಡ ಎಂಬ ನಿಲುವು ನನಗೆ ಹೆಚ್ಚು ಹತ್ತಿರದ್ದು, ಆದರೆ ಡುಮ್ಮ-ಸಣಕಲರ ಕಥೆ ಆ ನಿಲುವನ್ನು ಪೂರ್ತಿ ಒಪ್ಪಲು ಬಿಡುವುದಿಲ್ಲ. ಆ ದರ್ಜೆಗಳ ವ್ಯವಸ್ಥೆ ಹೋಗಿ ನೂರು ವರ್ಷ ದಾಟಿರುವುದರಿಂದ ಇಂದಿನ ರಷ್ಯನ್ ಮಕ್ಕಳಿಗೂ ಅದು ಅಪರಿಚಿತವೇ. ಕನ್ನಡದಲ್ಲಿ ಈ ಕಥೆಗೆ ಒಂದು ಟಿಪ್ಪಣಿ ಬೇಕು, ಎರಡನೆಯದು ಬೇಡ.