ಒಂದರ ಅಂಚಿನಲ್ಲಿ ಗಾಸ್‌ನ ಪರೀಕ್ಷೆ

ಚೌಕಚೌಕವಾಗಿ ಬೀದಿಗಳಿರುವ, ಕೊನೆಯೇ ಇಲ್ಲದ ಒಂದು ಊರು. ಒಬ್ಬ ಪ್ರತಿ ವೃತ್ತದಲ್ಲೂ ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಂಡು ನಡೆಯುತ್ತಾನೆ. ಎರಡನೇ ಹೆಜ್ಜೆಗೆ ಅವನು ಹೊರಟಲ್ಲೇ ಇರುವ ಸಂಭವ 1/4, ನಾಲ್ಕನೆಯದಕ್ಕೆ 9/64, ಆರನೆಯದಕ್ಕೆ 25/256. ಹೀಗೇ ಸಾಗುವ ಈ ಸಂಖ್ಯೆಗಳನ್ನೆಲ್ಲ ಕೂಡಿದರೆ ಮೊತ್ತ ಮಿತಿಯಿಲ್ಲದೆ ಬೆಳೆಯುತ್ತದೆಯೇ? ಬೆಳೆದರೆ ಅವನು ಎಂದಾದರೊಂದು ದಿನ ಮರಳುವುದು ಖಚಿತ. ಜಾರ್ಜ್ ಪೋಲ್ಯ 1921ರಲ್ಲಿ ಬಿಡಿಸಿದ ಪ್ರಶ್ನೆ ಇದು.

ಕೂಡಿ ನೋಡೋಣವೆಂದರೆ ಕಣ್ಣಿಗೆ ಮೋಸ. ಸಾವಿರ ಪದಗಳ ಮೊತ್ತ ಸುಮಾರು 2.27, ಹತ್ತು ಲಕ್ಷ ಪದಗಳದ್ದು ಸುಮಾರು 4.46. ಇಷ್ಟು ನಿಧಾನವಾಗಿ ಏರುವುದು ಎಲ್ಲೋ ನಿಲ್ಲಲೇಬೇಕು ಅನ್ನಿಸುತ್ತದೆ.

ಕಾಲೇಜಿನಲ್ಲಿ ಮೊದಲು ಕಲಿಸುವ ಅನುಪಾತ ಪರೀಕ್ಷೆ ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿ ನೋಡುತ್ತದೆ. ಉತ್ತರ ಒಂದಕ್ಕಿಂತ ಕಡಿಮೆಯ ಸಂಖ್ಯೆಯತ್ತ ಸಾಗಿದರೆ ಮೊತ್ತಕ್ಕೆ ಮಿತಿ ಇದೆ, ಹೆಚ್ಚಿನದರತ್ತ ಸಾಗಿದರೆ ಇಲ್ಲ. ನಮ್ಮ ಶ್ರೇಣಿಯಲ್ಲಿ ಅದು ಒಂದರತ್ತಲೇ ಸಾಗುತ್ತದೆ. ಪರೀಕ್ಷೆ ಅಲ್ಲಿಗೆ ಕೈಚೆಲ್ಲುತ್ತದೆ.

ಗಾಸ್ 1812ರಲ್ಲಿ ಹೈಪರ್‌ಜಾಮೆಟ್ರಿಕ್ ಶ್ರೇಣಿಗಳ ಬಗ್ಗೆ ಬರೆಯುವಾಗ ಇಂಥ ಅಂಚನ್ನೇ ಎದುರಿಸಿದ. ಅನುಪಾತ ಒಂದನ್ನು ಮುಟ್ಟುತ್ತದೆಯೇ ಎಂಬುದು ಸಾಲದು, ಎಷ್ಟು ಬೇಗ ಮುಟ್ಟುತ್ತದೆ ಎಂಬುದು ಬೇಕು. ಧನ ಪದಗಳ ಶ್ರೇಣಿಯಲ್ಲಿ ಅನುಪಾತವನ್ನು 1 − h/n ಎಂದು ಬರೆದು, ಉಳಿಯುವ ಚೂರು 1/n²ನಷ್ಟು ಚಿಕ್ಕದಿದ್ದರೆ, h ಒಂದಕ್ಕಿಂತ ಹೆಚ್ಚಿದ್ದಾಗ ಮಾತ್ರ ಮೊತ್ತಕ್ಕೆ ಮಿತಿ. h ಸರಿಯಾಗಿ ಒಂದಾದರೂ ಮಿತಿಯಿಲ್ಲ. ಇದೇ ಪರೀಕ್ಷೆಯ ಹರಿತ. ಸರಳವಾದ ರಾಬೆಯ ಪರೀಕ್ಷೆ ಇಲ್ಲೂ ತೀರ್ಪು ಕೊಡದು.

ನಮ್ಮ ನಡಿಗೆಗಾರನ ಅನುಪಾತ ((2n+1)/(2n+2))². n ಹತ್ತಾದಾಗ ಇದು 0.9112. ಅದು 1 − 1/10, ಅಂದರೆ 0.9ಕ್ಕಿಂತ 0.0112 ಹೆಚ್ಚು. n ನೂರಾದಾಗ 0.990124, 0.99ಕ್ಕಿಂತ ಹೆಚ್ಚಿರುವುದು ಬರೀ 0.000124. n ಹತ್ತು ಪಟ್ಟಾದಾಗ ಉಳಿಕೆ ಸುಮಾರು ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಯಿತು, 1/n² ಇಳಿಯುವ ರೀತಿಯೇ ಅದು. ಬೀಜಗಣಿತದಲ್ಲಿ ಬಿಡಿಸಿದರೂ ಉಳಿಕೆ ಎಂದೂ 2/n² ದಾಟದು. ಹಾಗಾಗಿ h = 1, ಮೊತ್ತಕ್ಕೆ ಮಿತಿಯಿಲ್ಲ, ನಡಿಗೆಗಾರ ಮರಳುತ್ತಾನೆ. ಯಾವಾಗ ಎಂದು ಮಾತ್ರ ಕೇಳಬೇಡಿ: ಸರಾಸರಿ ಕಾಯುವ ಕಾಲ ಅನಂತ!

ಇದೇ ಸಂಖ್ಯೆಗಳ ವರ್ಗದ ಬದಲು ಘನ ತೆಗೆದುಕೊಂಡರೆ h = 3/2 ಆಗಿ ಮೊತ್ತ ಒಂದು ಮಿತಿಯೊಳಗೆ ನಿಲ್ಲುತ್ತದೆ. ಮೂರು ದಿಕ್ಕಿಗೂ ಒಂದೊಂದು ನಾಣ್ಯ ಚಿಮ್ಮಿ ಆಕಾಶದಲ್ಲಿ ಅಲೆಯುವವನ ಲೆಕ್ಕ ಅದು. ಅವನು ಮರಳದೇ ಹೋಗಬಹುದು.

ಉಳಿಕೆಯ ಮೇಲಿನ ಷರತ್ತನ್ನು ಮಾತ್ರ ಮರೆಯುವಂತಿಲ್ಲ. ಪದಗಳು 1/(n(ln n)²) ಎಂದಿದ್ದರೆ ಅಲ್ಲೂ h ಒಂದೇ. ಆದರೂ ಆ ಮೊತ್ತಕ್ಕೆ ಮಿತಿಯಿದೆ. ಅಲ್ಲಿನ ಉಳಿಕೆ ಸುಮಾರು 2/(n ln n). ಅದನ್ನು n²ನಿಂದ ಗುಣಿಸಿದರೆ ಒಂದು ಮಿತಿಯಲ್ಲಿ ನಿಲ್ಲದೆ ಬೆಳೆಯುತ್ತಲೇ ಹೋಗುತ್ತದೆ. ಹಾಗೆ ಬೆಳೆಯುವುದು ಕಂಡರೆ ಗಾಸ್‌ನ ಪರೀಕ್ಷೆಯನ್ನು ಬದಿಗಿಟ್ಟು, ಪದಗಳನ್ನು ಸಮಾಕಲನದ ಜೊತೆ ಹೋಲಿಸಿ ನೋಡಬೇಕು.