ನಲವತ್ತು ನಿಮಿಷದ ಮಾತಿಗೆ ಒಂದು ನಿಮಿಷದ ತುಣುಕು

ಹಣಕಾಸಿನ ಕನ್ನಡ ಪಾಡ್‌ಕಾಸ್ಟ್‌ಗೆ ಹೊಸ ಕೇಳುಗರು ಬರುವುದು ಹೆಚ್ಚಾಗಿ ತುಣುಕುಗಳಿಂದ. ಸಂಚಿಕೆಯ ಮೂವತ್ತರಿಂದ ಅರವತ್ತು ಸೆಕೆಂಡಿನ ಮಾತನ್ನು ಕತ್ತರಿಸಿ, ಒಂದು ಚಿತ್ರದ ಮೇಲೆ ಕೂರಿಸಿ, ಮಾತನ್ನು ಅಕ್ಷರದಲ್ಲೂ ತೋರಿಸಿ, ವಾಟ್ಸ್‌ಆ್ಯಪ್ ಸ್ಟೇಟಸ್, ರೀಲ್ಸ್, ಶಾರ್ಟ್ಸ್‌ಗಳಿಗೆ ಹಾಕುತ್ತಾರೆ. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಉಚಿತವಾಗಿ ಸಿಗುವ ಅಡಾಸಿಟಿಯಲ್ಲೇ ಕತ್ತರಿಸಬಹುದು. ಕಷ್ಟವಿರುವುದು ಯಾವ ಮಾತನ್ನು ಆರಿಸಬೇಕು, ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ.

ವೈಯಕ್ತಿಕ ಸಾಲದ ಬಗ್ಗೆ ನಲವತ್ತು ನಿಮಿಷದ ಒಂದು ಸಂಚಿಕೆ ಇದೆ ಎಂದಿಟ್ಟುಕೊಳ್ಳೋಣ. ಮೊದಲ ಕೆಲವು ನಿಮಿಷ ಪರಿಚಯ, ನಮಸ್ಕಾರ, ಅತಿಥಿಯ ಅನುಭವ. ಹದಿನೇಳನೇ ನಿಮಿಷದಲ್ಲಿ ಅತಿಥಿ ಒಂದು ಲೆಕ್ಕ ಹೇಳುತ್ತಾರೆ. ‘ನೂರಕ್ಕೆ ಒಂದು ರೂಪಾಯಿ ಬಡ್ಡಿ’ ಎಂದು ಒಂದು ಲಕ್ಷ ರೂಪಾಯಿ ಸಾಲ ಪಡೆದು ಒಂದು ವರ್ಷದಲ್ಲಿ ತೀರಿಸುವುದು. ವರ್ಷಕ್ಕೆ ಶೇ. 12ರ ಈ ಬಡ್ಡಿ ಫ್ಲ್ಯಾಟ್ ದರದ್ದಾದರೆ ಕಟ್ಟುವ ಬಡ್ಡಿ 12,000 ರೂಪಾಯಿ. ಅದೇ ಶೇ. 12 ಉಳಿದ ಬಾಕಿಯ ಮೇಲೆ ಮಾತ್ರ ಲೆಕ್ಕ ಹಾಕಿದ್ದಾದರೆ ಸುಮಾರು 6,600 ರೂಪಾಯಿ. ಫ್ಲ್ಯಾಟ್ ದರದಲ್ಲಿ ಅಸಲು ತಿಂಗಳು ತಿಂಗಳೂ ಕರಗಿದರೂ ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ ಲಕ್ಷದ ಮೇಲೆಯೇ ಬೀಳುತ್ತದೆ. ಬಾಕಿಯ ಲೆಕ್ಕಕ್ಕೆ ಇಳಿಸಿ ನೋಡಿದರೆ ಅದು ವರ್ಷಕ್ಕೆ ಶೇ. 21ನ್ನೂ ದಾಟುತ್ತದೆ.

ತುಣುಕಾಗಬೇಕಾದದ್ದು ಈ ಭಾಗವೇ. ಹಿಂದೆ ಏನು ಮಾತಾಡಿದರು ಎಂದು ತಿಳಿಯದವರಿಗೂ ಇದು ಅರ್ಥವಾಗುತ್ತದೆ. ಕೇಳುಗರ ಮನೆಯ ಸಾಲಕ್ಕೂ ಈ ಲೆಕ್ಕ ತಾಗುತ್ತದೆ. ಜೊತೆಗೆ, ‘ನನ್ನ ಸಾಲ ಯಾವ ಬಗೆಯದು?’ ಎಂಬ ಪ್ರಶ್ನೆಯನ್ನು ಉಳಿಸುತ್ತದೆ. ಅದರ ಉತ್ತರ ಸಂಚಿಕೆಯ ಮುಂದಿನ ಭಾಗದಲ್ಲಿದೆ. ‘ಅದು ಹೇಗೆ ಅಂದ್ರೆ’, ‘ಈಗ ಹೇಳಿದ ಹಾಗೆ’ ಎಂದು ಶುರುವಾಗುವ ತುಣುಕಿನಲ್ಲಿ ಯಾವುದು, ಯಾವಾಗ ಹೇಳಿದ್ದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಅವರು ಮುಂದಕ್ಕೆ ಸರಿಸಿಬಿಡುತ್ತಾರೆ. ಅತಿಥಿ ‘ನೂರಕ್ಕೆ ಒಂದು ರೂಪಾಯಿ’ ಎನ್ನುವ ಕಡೆಯಿಂದಲೇ ಕತ್ತರಿಸಿದರೆ ಆ ತೊಡಕಿಲ್ಲ.

ಮುಗಿಸುವ ಜಾಗಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೌದೋ ಅಲ್ಲವೋ, ಖಚಿತವೋ ಸಂಭವವೋ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ‘ಈ ಫಂಡಲ್ಲಿ ಹದಿನೈದು ಪರ್ಸೆಂಟ್ ಸಿಗುತ್ತೆ ಅಂತ ಹೇಳೋಕಾಗಲ್ಲ’ ಎಂಬ ಮಾತನ್ನು ‘ಸಿಗುತ್ತೆ’ ಎಂಬಲ್ಲಿ ಕತ್ತರಿಸಿದರೆ ಎಚ್ಚರಿಕೆ ಹೋಗಿ ಭರವಸೆ ಉಳಿಯುತ್ತದೆ. ಸಮಯ ಮೀರಿತೆಂದು ಬಾಲ ಕತ್ತರಿಸುವಾಗಲೇ ಈ ತಪ್ಪು ನುಸುಳುವುದು. ಬೇರೆ ವಿಷಯದಲ್ಲಾದರೆ ಅದು ಅಪಾರ್ಥದಲ್ಲಿ ಮುಗಿಯಬಹುದು. ಇಲ್ಲಿ ಯಾರದೋ ಉಳಿತಾಯ ಆ ಮಾತಿನ ಹಿಂದೆ ಹೋಗುತ್ತದೆ. ಆದ್ದರಿಂದ ಕತ್ತರಿಸಿದ ತುಣುಕನ್ನು ಸಂಚಿಕೆ ಕೇಳದ ಒಬ್ಬರಿಗೆ ಕೇಳಿಸಿ, ಏನು ತಿಳಿಯಿತು ಎಂದು ಕೇಳುವುದು ಒಳ್ಳೆಯದು. ಅವರ ಉತ್ತರ ಅತಿಥಿಯ ಅಭಿಪ್ರಾಯಕ್ಕೆ ಹೊಂದದಿದ್ದರೆ ಆ ತುಣುಕನ್ನು ಬಿಡಬೇಕು.

ಹಲವರು ಫೋನಿನ ಸದ್ದು ಮುಚ್ಚಿಯೇ ಇದನ್ನು ನೋಡುವುದರಿಂದ ಅಕ್ಷರಗಳೂ ಅಷ್ಟೇ ಮುಖ್ಯ. ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗ್ ಆ್ಯಪ್‌ಗೆ ತಂದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಬಿಡಬೇಕು. ಮೊತ್ತಗಳನ್ನು ಅಂಕಿಯಲ್ಲೇ ಬರೆದರೆ ಕಣ್ಣಿಗೆ ಬೇಗ ಸಿಗುತ್ತವೆ.

ಜೊತೆಗಿನ ಬರಹದಲ್ಲಿ ಮೊದಲ ಸಾಲಿನ ನಂತರದ್ದು ಸಾಮಾನ್ಯವಾಗಿ ಮಡಚಿಕೊಂಡಿರುತ್ತದೆ. ‘ಹೊಸ ಸಂಚಿಕೆ ಬಂದಿದೆ, ತಪ್ಪದೇ ಕೇಳಿ’ ಎಂಬುದರಿಂದ ಹೊಸಬರಿಗೆ ಏನೂ ತಿಳಿಯುವುದಿಲ್ಲ. ‘ಒಂದೇ ಬಡ್ಡಿ ದರ: ಒಬ್ಬರಿಗೆ 12,000, ಇನ್ನೊಬ್ಬರಿಗೆ 6,600. ಯಾಕೆ?’ ಎಂದರೆ ವಿಷಯವೇ ಮುಂದೆ ಬರುತ್ತದೆ. ಇನ್‌ಸ್ಟಾಗ್ರಾಮ್ ಪೋಸ್ಟ್‌ನ ಬರಹದಲ್ಲಿ ಹಾಕಿದ ಕೊಂಡಿ ಒತ್ತಿದರೆ ತೆರೆಯುವುದಿಲ್ಲ. ಅಲ್ಲಿ ಪ್ರೊಫೈಲ್‌ನಲ್ಲಿ ಕೊಂಡಿ ಇಟ್ಟು, ಸಂಚಿಕೆಯ ಹೆಸರನ್ನು ಬರಹದಲ್ಲಿ ಹೇಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ನೇರ ಕೊಂಡಿ ಸಾಕು. ಯೂಟ್ಯೂಬ್ ಕೊಂಡಿಗೆ `t=1020` ಸೇರಿಸಿದರೆ ಸಂಚಿಕೆ ಹದಿನೇಳನೇ ನಿಮಿಷದಿಂದಲೇ ಶುರುವಾಗುತ್ತದೆ. 17 ನಿಮಿಷಕ್ಕೆ 1,020 ಸೆಕೆಂಡು.

ತುಣುಕನ್ನು ಸಾವಿರಾರು ಜನ ನೋಡಿಯೂ ಸಂಚಿಕೆಯ ಕೇಳುಗರು ಹೆಚ್ಚದಿದ್ದರೆ ಎರಡು ಕಡೆ ಹುಡುಕಬೇಕು. ಸಂಚಿಕೆ ತೆರೆದವರೇ ಕಡಿಮೆಯಿದ್ದರೆ, ತುಣುಕು ಎಲ್ಲವನ್ನೂ ಹೇಳಿ ಮುಗಿಸಿರಬಹುದು ಅಥವಾ ಕೊಂಡಿ ಕಾಣದಿರಬಹುದು. ತೆರೆದವರು ಮೊದಲ ಎರಡು ನಿಮಿಷದಲ್ಲೇ ಬಿಟ್ಟುಹೋಗುತ್ತಿದ್ದರೆ ತೊಂದರೆ ತುಣುಕಿನದಲ್ಲ, ಸಂಚಿಕೆಯ ಉದ್ದ ಪೀಠಿಕೆಯದು. ಯೂಟ್ಯೂಬ್ ಸ್ಟುಡಿಯೊದ ಗ್ರಾಫ್‌ನಲ್ಲಿ ಗೆರೆ ಎಲ್ಲಿ ಇಳಿಯುತ್ತದೆ ಎಂದು ನೋಡಿದರೆ ಇದು ಗೊತ್ತಾಗುತ್ತದೆ.

ತುಣುಕು ಸಂಚಿಕೆಯಿಂದ ಬೇರ್ಪಟ್ಟು ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡುತ್ತದೆ. ರೆಪೊ ದರ 2025ರ ಫೆಬ್ರುವರಿಯಲ್ಲಿ ಶೇ. 6.50ರಿಂದ 6.25ಕ್ಕೆ ಇಳಿಯಿತು, ಅದಕ್ಕೂ ಮೊದಲು ಧ್ವನಿಮುದ್ರಿಸಿದ ಗೃಹಸಾಲದ ಮಾತು ಈಗಲೂ ಯಾರದೋ ಫೋನಿನಲ್ಲಿ ಹೊಸದರಂತೆ ಕೇಳಿಸಬಹುದು. ಅದಕ್ಕಾಗಿ ಧ್ವನಿಮುದ್ರಿಸಿದ ತಿಂಗಳು, ವರ್ಷಗಳನ್ನು ಜೊತೆಗಿನ ಬರಹದಲ್ಲಿ ಹಾಕಿದರೆ ಸಾಲದು. ಬರಹ ಹಿಂದೆ ಉಳಿದು ತುಣುಕೊಂದೇ ಮುಂದೆ ಹೋಗುವುದರಿಂದ ಅವನ್ನು ಚಿತ್ರದ ಮೇಲೆಯೇ ಅಚ್ಚು ಮಾಡಿರಬೇಕು.