ಎರಡು ಆರ್ಡರ್‌ಗಳು ಒಂದನ್ನೊಂದು ಕಾಯುತ್ತ ನಿಂತಾಗ

ಅಂಗಡಿಯೊಂದರ ಆರ್ಡರ್‌ಗಳನ್ನು ದಾಖಲಿಸುವ ತಂತ್ರಾಂಶ ತಿಂಗಳುಗಟ್ಟಲೆ ಸರಿಯಾಗಿ ನಡೆದು, ಹಬ್ಬದ ಮಾರಾಟ ಬಂದೊಡನೆ ಆಗೊಮ್ಮೆ ಈಗೊಮ್ಮೆ ಒಂದು ದೋಷ ತೋರಿಸತೊಡಗುತ್ತದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ ಪರದೆಯ ಮೇಲೆ ಅಥವಾ ಲಾಗ್‌ನಲ್ಲಿ ಕಾಣುವ ಸಾಲು ಇದು:

```
ERROR 1213 (40001): Deadlock found when trying to get lock; try restarting transaction
```

ಮತ್ತೆ ಪ್ರಯತ್ನಿಸಿದರೆ ಅದೇ ಆರ್ಡರ್ ಸಲೀಸಾಗಿ ಹೋಗುತ್ತದೆ. ಹೀಗಾಗಿ ಸರ್ವರ್ ದುರ್ಬಲವಾಗಿದೆ ಎಂದೋ ನೆಟ್‌ವರ್ಕ್ ಕೆಟ್ಟಿದೆ ಎಂದೋ ಅನುಮಾನ ಹುಟ್ಟುತ್ತದೆ. ಆದರೆ ಕಾರಣ ಸಾಮಾನ್ಯವಾಗಿ ತಂತ್ರಾಂಶದಲ್ಲೇ ಇರುತ್ತದೆ. ಅದರ ಎರಡು ಭಾಗಗಳು ಒಂದೇ ಟೇಬಲ್‌ಗಳನ್ನು ಬೇರೆ ಬೇರೆ ಕ್ರಮದಲ್ಲಿ ಮುಟ್ಟುತ್ತಿರುತ್ತವೆ.

ಲಾಕ್ ಏಕೆ ಬೇಕು

ಒಂದು ಆರ್ಡರ್ ದಾಖಲಾಗಬೇಕಾದರೆ ಹಲವು ಬದಲಾವಣೆಗಳು ಒಟ್ಟಿಗೆ ಆಗಬೇಕು. ಗ್ರಾಹಕರ ಖಾತೆಯಲ್ಲಿ ಬಾಕಿ ಏರಬೇಕು, ದಾಸ್ತಾನು ಇಳಿಯಬೇಕು, ಆರ್ಡರ್‌ನ ದಾಖಲೆ ಹುಟ್ಟಬೇಕು. ಇವುಗಳಲ್ಲಿ ಒಂದು ಆಗಿ ಇನ್ನೊಂದು ಆಗದಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ಇವನ್ನೆಲ್ಲ ಒಂದು ಟ್ರಾನ್ಸಾಕ್ಷನ್ ಒಳಗೆ ಕಟ್ಟಲಾಗುತ್ತದೆ. `COMMIT` ಎಂದಾಗ ಎಲ್ಲವೂ ಒಟ್ಟಿಗೆ ಉಳಿಯುತ್ತವೆ, `ROLLBACK` ಎಂದಾಗ ಎಲ್ಲವೂ ಒಟ್ಟಿಗೆ ಅಳಿಯುತ್ತವೆ.

ಟ್ರಾನ್ಸಾಕ್ಷನ್ ಒಂದು ಸಾಲನ್ನು ಬದಲಿಸಿದೊಡನೆ ಡೇಟಾಬೇಸ್ ಆ ಸಾಲಿಗೆ ಲಾಕ್ ಹಾಕುತ್ತದೆ. ಅದೇ ಸಾಲನ್ನು ಬದಲಿಸಲು ಬಂದ ಇನ್ನೊಂದು ಟ್ರಾನ್ಸಾಕ್ಷನ್ ಕಾಯಬೇಕು. ಇಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ, ಸಾಲಿನ ಕೆಲಸ ಮುಗಿದರೂ ಲಾಕ್ ಬಿಡುವುದಿಲ್ಲ; ಇಡೀ ಟ್ರಾನ್ಸಾಕ್ಷನ್ ಮುಗಿಯುವ ತನಕ ಅದು ಕೈಯಲ್ಲೇ ಇರುತ್ತದೆ. ಇಲ್ಲದಿದ್ದರೆ ಇನ್ನೂ ಅಳಿದುಹೋಗಬಹುದಾದ ಅಂಕಿಯ ಮೇಲೆ ಮತ್ತೊಬ್ಬರು ತಮ್ಮ ಲೆಕ್ಕ ಕಟ್ಟಿಬಿಡಬಹುದು.

ಒಂದು ಪ್ರಕರಣ

ಸಗಟು ವ್ಯಾಪಾರದ ಒಂದು ವ್ಯವಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. 41ನೇ ಗ್ರಾಹಕರ ಬಾಕಿ 10,000 ರೂಪಾಯಿ. 700ನೇ ಸರಕು 50 ನಗ ಇದೆ, ಒಂದರ ಬೆಲೆ 600 ರೂಪಾಯಿ. ಈ ಗ್ರಾಹಕರ ಅಂಗಡಿಯಿಂದ ಒಬ್ಬರು ಆ ಸರಕಿನ 4 ನಗಕ್ಕೆ ಹೊಸ ಆರ್ಡರ್ ಹಾಕುತ್ತಾರೆ. ಅದೇ ಹೊತ್ತಿಗೆ ಅವರ ಸಹೋದ್ಯೋಗಿ 2 ನಗದ ಹಳೆಯ ಆರ್ಡರ್ ಒಂದನ್ನು ರದ್ದು ಮಾಡುತ್ತಾರೆ. ಹೊಸ ಆರ್ಡರ್‌ನ ಕೋಡ್ ಬರೆದವರು ಮೊದಲು ಗ್ರಾಹಕರ ಖಾತೆಯನ್ನು, ಆಮೇಲೆ ದಾಸ್ತಾನನ್ನು ಬದಲಿಸಿದ್ದಾರೆ. ರದ್ದತಿಯ ಕೋಡ್ ಬರೆದವರು ಮೊದಲು ಸರಕನ್ನು ದಾಸ್ತಾನಿಗೆ ಮರಳಿಸಿ, ಆಮೇಲೆ ಬಾಕಿಯನ್ನು ಇಳಿಸಿದ್ದಾರೆ. ಒಂದೊಂದನ್ನೇ ನೋಡಿದರೆ ಎರಡೂ ಸರಿ. ಒಟ್ಟಿಗೆ ಓಡಿದಾಗ ನಡೆಯುವುದು ಹೀಗೆ:

```
-- 1: ಹೊಸ ಆರ್ಡರ್
UPDATE customer SET balance = balance + 2400 WHERE id = 41;
-- 2: ರದ್ದತಿ
UPDATE stock SET qty = qty + 2 WHERE item_id = 700;
-- 3: ಹೊಸ ಆರ್ಡರ್ (ಕಾಯುತ್ತದೆ)
UPDATE stock SET qty = qty - 4 WHERE item_id = 700;
-- 4: ರದ್ದತಿ (ಡೆಡ್‌ಲಾಕ್)
UPDATE customer SET balance = balance - 1200 WHERE id = 41;
```

ಮೊದಲ ಹೆಜ್ಜೆಯಲ್ಲಿ ಹೊಸ ಆರ್ಡರ್‌ಗೆ ಗ್ರಾಹಕರ ಸಾಲಿನ ಲಾಕ್ ಸಿಕ್ಕಿತು. ಎರಡನೆಯದರಲ್ಲಿ ರದ್ದತಿಗೆ ದಾಸ್ತಾನಿನ ಸಾಲಿನ ಲಾಕ್ ಸಿಕ್ಕಿತು. ಮೂರನೆಯ ಹೆಜ್ಜೆಯಲ್ಲಿ ಹೊಸ ಆರ್ಡರ್ ಕಾಯುತ್ತ ನಿಂತಿತು. ಇದು ಇನ್ನೂ ದೋಷವಲ್ಲ, ರದ್ದತಿ ಮುಗಿದರೆ ಅದರ ಸರದಿ ಬರುತ್ತದೆ. ಆದರೆ ನಾಲ್ಕನೆಯ ಹೆಜ್ಜೆಯಲ್ಲಿ ರದ್ದತಿಯು ಹೊಸ ಆರ್ಡರ್‌ನ ಬಳಿ ಇರುವ ಸಾಲನ್ನೇ ಕೇಳುತ್ತದೆ. ಬಾವಿಕಟ್ಟೆಯಲ್ಲಿ ಒಬ್ಬರು ಹಗ್ಗ ಹಿಡಿದು ಕೊಡಕ್ಕಾಗಿ, ಇನ್ನೊಬ್ಬರು ಕೊಡ ಹಿಡಿದು ಹಗ್ಗಕ್ಕಾಗಿ ಕಾದಂತೆ, ಇನ್ನು ಎಷ್ಟು ಹೊತ್ತು ಕಾದರೂ ಪ್ರಯೋಜನವಿಲ್ಲ.

1971ರಲ್ಲಿ ಕಾಫ್‌ಮನ್, ಎಲ್ಫಿಕ್ ಮತ್ತು ಶೋಶಾನಿ ಎಂಬ ಮೂವರು ವಿಜ್ಞಾನಿಗಳು ಇಂಥ ಸ್ಥಿತಿಗೆ ನಾಲ್ಕು ಷರತ್ತುಗಳು ಒಟ್ಟಿಗೆ ಕೂಡಬೇಕು ಎಂದು ತೋರಿಸಿದರು. ವಸ್ತುವನ್ನು ಒಂದು ಹೊತ್ತಿಗೆ ಒಬ್ಬರೇ ಬಳಸಬೇಕು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯಬೇಕು. ಹಿಡಿದದ್ದನ್ನು ಬೇರೆಯವರು ಕಸಿಯುವಂತಿರಬಾರದು. ಕಾಯುವಿಕೆ ಸುತ್ತು ತಿರುಗಿ ಮೊದಲಿನವರಿಗೇ ಬಂದು ಸೇರಬೇಕು. ಇವುಗಳಲ್ಲಿ ಒಂದು ಮುರಿದರೂ ಡೆಡ್‌ಲಾಕ್ ಆಗದು. ತಂತ್ರಾಂಶ ಬರೆಯುವವರ ಕೈಗೆ ಸುಲಭವಾಗಿ ಸಿಗುವುದು ಕೊನೆಯ ಷರತ್ತು.

ಡೇಟಾಬೇಸ್ ಏನು ಮಾಡುತ್ತದೆ

ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಎಂಜಿನ್, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ಗಮನಿಸುತ್ತಲೇ ಇರುತ್ತದೆ. ಸುತ್ತು ಪೂರ್ತಿಯಾದದ್ದು ಕಂಡರೆ ಒಂದು ಟ್ರಾನ್ಸಾಕ್ಷನ್ ಅನ್ನು ಬಲಿಗೆ ಆರಿಸಿ, ಅದು ಮಾಡಿದ್ದನ್ನೆಲ್ಲ ಹಿಂದಕ್ಕೆ ಸುತ್ತಿಬಿಡುತ್ತದೆ. ಕಡಿಮೆ ಸಾಲುಗಳನ್ನು ಬದಲಿಸಿದ್ದನ್ನು, ಅಂದರೆ ಅಳಿಸಲು ಅಗ್ಗವಾದದ್ದನ್ನು, ಆರಿಸಲು ಅದು ಯತ್ನಿಸುತ್ತದೆ. ಪೋಸ್ಟ್‌ಗ್ರೆಸ್ ಸುತ್ತನ್ನು ಹುಡುಕುವ ಮುನ್ನ ಸಾಮಾನ್ಯ ಹೊಂದಿಕೆಯಲ್ಲಿ 1 ಸೆಕೆಂಡ್ ಕಾಯುತ್ತದೆ. ಎಸ್‌ಕ್ಯೂಎಲ್ ಸರ್ವರ್ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಹುಡುಕುತ್ತದೆ, ಡೆಡ್‌ಲಾಕ್‌ಗಳು ಕಂಡರೆ ಆ ಅಂತರವನ್ನು ಕಿರಿದು ಮಾಡುತ್ತದೆ.

ನಮ್ಮ ಪ್ರಕರಣದಲ್ಲಿ ರದ್ದತಿ ಬಲಿಯಾಯಿತು ಎನ್ನೋಣ. ದಾಸ್ತಾನಿಗೆ ಸೇರಿಸಿದ್ದ 2 ನಗ ಹಿಂದಕ್ಕೆ ಹೋಗುತ್ತದೆ, ಲಾಕ್ ಬಿಡುತ್ತದೆ. ಕಾಯುತ್ತಿದ್ದ ಹೊಸ ಆರ್ಡರ್ ಮುಂದುವರಿದು ಮುಗಿಯುತ್ತದೆ. ಬಾಕಿ 12,400, ದಾಸ್ತಾನು 46. ಇಲ್ಲಿಯವರೆಗೆ ಲೆಕ್ಕ ಕೆಟ್ಟಿಲ್ಲ. ರದ್ದತಿಯನ್ನು ಮೊದಲಿನಿಂದ ಮತ್ತೆ ಓಡಿಸಿದರೆ ಬಾಕಿ 11,200ಕ್ಕೆ, ದಾಸ್ತಾನು 48ಕ್ಕೆ ಬರುತ್ತದೆ. ಬರಬೇಕಾದದ್ದೂ ಅಷ್ಟೇ.

ನಿಜವಾದ ಅಪಾಯ ಇರುವುದು ದೋಷವನ್ನು ನುಂಗಿಬಿಡುವ ಕೋಡ್‌ನಲ್ಲಿ. ರದ್ದತಿಯ ಕೋಡ್ 1213ನ್ನು ಲಾಗ್‌ಗೆ ಬರೆದು ಸುಮ್ಮನೆ ಮುಂದಿನ ಹೆಜ್ಜೆಗೆ ಹೋದರೆ, ಅಲ್ಲಿ ಆರ್ಡರ್‌ನ ಸ್ಥಿತಿಯನ್ನು ರದ್ದಾಗಿದೆ ಎಂದು ಬದಲಿಸುವ ಆಜ್ಞೆ ಇರುತ್ತದೆ. ಹಳೆಯ ಟ್ರಾನ್ಸಾಕ್ಷನ್ ಆಗಲೇ ಮುಗಿದುಹೋಗಿರುವುದರಿಂದ, ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಹೊಂದಿಕೆಯಲ್ಲಿ ಈ ಒಂದು ಆಜ್ಞೆ ತಾನಾಗಿಯೇ ಉಳಿದುಬಿಡುತ್ತದೆ. ಆರ್ಡರ್ ರದ್ದಾಗಿದೆ ಎಂದು ಪರದೆ ಹೇಳುತ್ತದೆ, ಆದರೆ ಗ್ರಾಹಕರ ಬಾಕಿಯಲ್ಲಿ 1,200 ರೂಪಾಯಿ ಹಾಗೇ ಕೂತಿರುತ್ತದೆ, ಗೋದಾಮಿನಲ್ಲಿರುವ 2 ನಗ ಲೆಕ್ಕಕ್ಕೆ ಬಂದಿರುವುದಿಲ್ಲ. ವರ್ಷದ ಕೊನೆಗೆ ದಾಸ್ತಾನು ಎಣಿಸುವಾಗ ಇದು ಹೊರಬಿದ್ದರೆ, ಕಾರಣ ಹುಡುಕುವುದು ಬಹಳ ಕಷ್ಟ.

ಪತ್ತೆ ಹಚ್ಚುವುದು

ಪರೀಕ್ಷೆಯ ವೇಳೆ ಈ ದೋಷ ಕಾಣದಿರುವುದಕ್ಕೆ ಕಾರಣವಿದೆ. ಒಂದರ ಎರಡು ಆಜ್ಞೆಗಳ ನಡುವಿನ ಕೆಲವೇ ಮಿಲಿಸೆಕೆಂಡುಗಳ ಸಂದಿಯಲ್ಲಿ ಇನ್ನೊಂದರ ಮೊದಲ ಆಜ್ಞೆ ಬರಬೇಕು, ಎರಡೂ ಅದೇ ಸಾಲುಗಳನ್ನು ಕೇಳಬೇಕು. ಒಬ್ಬಿಬ್ಬರು ಬಳಸುವಾಗ ಹೀಗಾಗುವುದು ಅಪರೂಪ. ಬಳಸುವವರು ಹೆಚ್ಚಿದಾಗ, ಒಂದೇ ಸರಕಿಗೆ ಎಲ್ಲರೂ ಮುಗಿಬಿದ್ದಾಗ ಆಗುತ್ತದೆ. ಎರಡು ಆಜ್ಞೆಗಳ ನಡುವೆ ಎಸ್‌ಎಂಎಸ್ ಕಳಿಸುವ ಅಥವಾ ಬ್ಯಾಂಕಿನ ಉತ್ತರಕ್ಕೆ ಕಾಯುವ ಕೆಲಸವನ್ನು ಸೇರಿಸಿದರೆ ಸಂದಿ ಮಿಲಿಸೆಕೆಂಡಿನಿಂದ ಸೆಕೆಂಡುಗಳಿಗೆ ಹಿಗ್ಗುತ್ತದೆ, ಡೆಡ್‌ಲಾಕ್‌ಗಳೂ ಅದರೊಂದಿಗೆ ಹೆಚ್ಚುತ್ತವೆ.

`SHOW ENGINE INNODB STATUS` ಎಂಬ ಆಜ್ಞೆ ಕೊಟ್ಟರೆ `LATEST DETECTED DEADLOCK` ಎಂಬ ತಲೆಬರಹದ ಕೆಳಗೆ ಕೊನೆಯ ಡೆಡ್‌ಲಾಕ್‌ನ ವಿವರ ಸಿಗುತ್ತದೆ: ಎರಡು ಟ್ರಾನ್ಸಾಕ್ಷನ್‌ಗಳು, ಅವು ಕಾಯುತ್ತಿದ್ದ ಲಾಕ್, ಬಲಿಯಾದದ್ದು ಯಾವುದು. ಎಲ್ಲ ಡೆಡ್‌ಲಾಕ್‌ಗಳೂ ದೋಷದ ಲಾಗ್‌ಗೆ ಬರಬೇಕಾದರೆ `innodb_print_all_deadlocks` ಅನ್ನು ಚಾಲೂ ಮಾಡಬೇಕು. ಈ ವರದಿಯನ್ನು ಓದುವಾಗ ಅದರ ಒಂದು ಮಿತಿ ಗೊತ್ತಿರಬೇಕು. ಅದರಲ್ಲಿ ಕಾಣುವುದು ಆ ಗಳಿಗೆಯಲ್ಲಿ ಓಡುತ್ತಿದ್ದ ಆಜ್ಞೆ ಮಾತ್ರ, ನಮ್ಮ ಪ್ರಕರಣದಲ್ಲಿ 3 ಮತ್ತು 4ನೇ ಹೆಜ್ಜೆಗಳು. ಲಾಕ್ ಹಿಡಿದಿದ್ದ 1 ಮತ್ತು 2ನೇ ಹೆಜ್ಜೆಗಳು ಅಲ್ಲಿರುವುದಿಲ್ಲ. ಅವನ್ನು ಕೋಡ್‌ನಲ್ಲೇ ಹಿಂದಕ್ಕೆ ಹೋಗಿ ಹುಡುಕಬೇಕು.

1205 ಎಂಬ ದೋಷ ಬೇರೆಯದು. ಮೈಎಸ್‌ಕ್ಯೂಎಲ್‌ನಲ್ಲಿ ಅದರರ್ಥ, ಸುತ್ತು ಇಲ್ಲದಿದ್ದರೂ ಲಾಕ್‌ಗಾಗಿ ಕಾದು ಅವಧಿ ಮುಗಿಯಿತು ಎಂದು. ಸಾಮಾನ್ಯ ಹೊಂದಿಕೆಯಲ್ಲಿ ಆ ಅವಧಿ 50 ಸೆಕೆಂಡ್. ಆಗ ಹಿಂದಕ್ಕೆ ಹೋಗುವುದು ಕೊನೆಯ ಆಜ್ಞೆ ಮಾತ್ರ, ಇಡೀ ಟ್ರಾನ್ಸಾಕ್ಷನ್ ಅಲ್ಲ. ಆದ್ದರಿಂದ ಕೋಡ್ ತಾನೇ `ROLLBACK` ಕೊಡಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದೇ 1205 ಎಂಬ ಸಂಖ್ಯೆ ಡೆಡ್‌ಲಾಕ್ ಅನ್ನೇ ಸೂಚಿಸುತ್ತದೆ. ಎರಡನ್ನೂ ಬಳಸುವ ಕಡೆ ಗೊಂದಲವಾಗದಂತೆ ನೋಡಿಕೊಳ್ಳಬೇಕು.

ಪರಿಹಾರ: ಎಲ್ಲರಿಗೂ ಒಂದೇ ಕ್ರಮ

ವ್ಯವಸ್ಥೆಯ ಪ್ರತಿಯೊಂದು ಟ್ರಾನ್ಸಾಕ್ಷನ್ ಟೇಬಲ್‌ಗಳನ್ನು ಒಂದೇ ಕ್ರಮದಲ್ಲಿ ಮುಟ್ಟಬೇಕು ಎಂಬ ನಿಯಮ ಮಾಡಿದರೆ ಸುತ್ತು ಹುಟ್ಟುವುದಿಲ್ಲ. ಇಲ್ಲಿ ಮೊದಲು ಗ್ರಾಹಕ, ಆಮೇಲೆ ದಾಸ್ತಾನು, ಕೊನೆಗೆ ಆರ್ಡರ್ ಎಂದು ನಿಶ್ಚಯಿಸಬಹುದು. ರದ್ದತಿಯ ಕೋಡ್‌ನಲ್ಲಿ ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ಸಾಕು. ಈಗ ರದ್ದತಿ ಮೊದಲ ಹೆಜ್ಜೆಯಲ್ಲೇ ಗ್ರಾಹಕರ ಸಾಲಿಗಾಗಿ ಕಾಯುತ್ತದೆ, ಕಾಯುವಾಗ ಅದರ ಕೈಯಲ್ಲಿ ಹೊಸ ಆರ್ಡರ್‌ಗೆ ಬೇಕಾದದ್ದು ಯಾವುದೂ ಇರುವುದಿಲ್ಲ.

ಟೇಬಲ್‌ನ ಒಳಗೂ ಕ್ರಮ ಬೇಕು. ಒಂದು ಆರ್ಡರ್‌ನಲ್ಲಿ 700, 312 ಎಂದೂ, ಬೇರೊಬ್ಬ ಗ್ರಾಹಕರ ಆರ್ಡರ್‌ನಲ್ಲಿ 312, 700 ಎಂದೂ ಸರಕುಗಳಿದ್ದರೆ ಒಂದೇ ಕೋಡ್‌ನ ಎರಡು ಓಟಗಳು ದಾಸ್ತಾನಿನ ಟೇಬಲ್‌ನಲ್ಲೇ ಪರಸ್ಪರ ಸಿಕ್ಕಿಬೀಳುತ್ತವೆ. ಗ್ರಾಹಕರು ಬುಟ್ಟಿಗೆ ಹಾಕಿದ ಕ್ರಮ ಹೇಗೇ ಇರಲಿ, ದಾಸ್ತಾನು ಬದಲಿಸುವ ಮುನ್ನ ಸರಕಿನ ಸಂಖ್ಯೆಯಂತೆ ಏರಿಕೆಯಲ್ಲಿ ಜೋಡಿಸಿಕೊಳ್ಳಬೇಕು.

ಕೋಡ್‌ನಲ್ಲಿ ಕಾಣದೆ ಬರುವ ಲಾಕ್‌ಗಳೂ ಇವೆ. ಆರ್ಡರ್ ಟೇಬಲ್ ಗ್ರಾಹಕ ಟೇಬಲ್‌ಗೆ ಫಾರಿನ್ ಕೀ ಮೂಲಕ ಜೋಡಿಸಿದ್ದರೆ, ಆರ್ಡರ್ ಸೇರಿಸುವಾಗ ಇನ್ನೊಡಿಬಿ ಗ್ರಾಹಕರ ಸಾಲಿಗೂ ಹಂಚಿಕೊಳ್ಳಬಹುದಾದ ಒಂದು ಲಾಕ್ ಹಾಕುತ್ತದೆ. ಒಂದೇ ಗ್ರಾಹಕರ ಎರಡು ಆರ್ಡರ್‌ಗಳಿಗೂ ಈ ಲಾಕ್ ಒಟ್ಟಿಗೆ ಸಿಗುತ್ತದೆ. ಆಮೇಲೆ ಎರಡೂ ಬಾಕಿ ಬದಲಿಸಲು ಹೊರಟರೆ ಒಂದಕ್ಕೆ ಇನ್ನೊಂದು ಅಡ್ಡ. ಮೊದಲೇ ಗ್ರಾಹಕರ ಸಾಲನ್ನು ಬದಲಿಸಿ ಆಮೇಲೆ ಆರ್ಡರ್ ಸೇರಿಸಿದರೆ ಈ ತೊಡಕಿಲ್ಲ. ಹಾಗೆಯೇ `WHERE` ಭಾಗದ ಕಾಲಮ್‌ಗೆ ಇಂಡೆಕ್ಸ್ ಇಲ್ಲದಿದ್ದರೆ, ಸಾಮಾನ್ಯ ಹೊಂದಿಕೆಯಲ್ಲಿ ಇನ್ನೊಡಿಬಿ ಹುಡುಕುತ್ತ ದಾಟಿದ ಸಾಲುಗಳಿಗೆಲ್ಲ ಲಾಕ್ ಹಾಕಿಬಿಡುತ್ತದೆ. ಆಗ ಸಂಬಂಧವೇ ಇಲ್ಲದ ಗ್ರಾಹಕರ ಆರ್ಡರ್‌ಗಳೂ ಡಿಕ್ಕಿಯಾಗುತ್ತವೆ.

ದೊಡ್ಡ ವ್ಯವಸ್ಥೆಯಲ್ಲಿ ಇಷ್ಟೆಲ್ಲ ಮಾಡಿದರೂ ಅಲ್ಲೊಂದು ಇಲ್ಲೊಂದು ಡೆಡ್‌ಲಾಕ್ ಉಳಿಯಬಹುದು. ಅದಕ್ಕಾಗಿ 1213 ಬಂದಾಗ ಇಡೀ ಟ್ರಾನ್ಸಾಕ್ಷನ್ ಅನ್ನು ಮೊದಲ ಓದಿನಿಂದಲೇ ಮತ್ತೆ ಓಡಿಸುವ ಕೋಡ್ ಇರಬೇಕು. ಎರಡು ಮೂರು ಸಲಕ್ಕೆ ಮಿತಿ, ಪ್ರತಿ ಸಲಕ್ಕೂ ಮುನ್ನ ಹೆಚ್ಚುಕಡಿಮೆಯಾಗುವ ಚಿಕ್ಕ ಬಿಡುವು ಇರಲಿ. ಹಣ ಕಡಿತ, ಎಸ್‌ಎಂಎಸ್ ಮೊದಲಾದವು ಟ್ರಾನ್ಸಾಕ್ಷನ್‌ನ ಹೊರಗಿರಬೇಕು, ಇಲ್ಲದಿದ್ದರೆ ಮರುಓಟದಲ್ಲಿ ಅವು ಎರಡು ಸಲ ಆಗಿಬಿಡುತ್ತವೆ.

ತಿದ್ದುಪಡಿ ಫಲಿಸಿತೇ ಎಂದು ನೋಡಲು ಎರಡು ಕಿಟಕಿಗಳಲ್ಲಿ ಮೈಎಸ್‌ಕ್ಯೂಎಲ್ ತೆರೆದು, ಎರಡರಲ್ಲೂ `START TRANSACTION` ಕೊಟ್ಟು, ಮೇಲಿನ ನಾಲ್ಕು ಹೆಜ್ಜೆಗಳನ್ನು ಒಂದೊಂದಾಗಿ ಕೊಡಬಹುದು. ಹಳೆಯ ಕ್ರಮದಲ್ಲಿ 1213 ಖಂಡಿತ ಬರುತ್ತದೆ. ಹೊಸ ಕ್ರಮದಲ್ಲಿ ಎರಡನೆಯ ಕಿಟಕಿ ಕಾಯುತ್ತದೆ, ಮೊದಲನೆಯದು `COMMIT` ಆದೊಡನೆ ಮುಂದುವರಿಯುತ್ತದೆ. ಆಮೇಲೂ ಲಾಗ್‌ನಲ್ಲಿ ಅದೇ ಜೋಡಿ ಆಜ್ಞೆಗಳು ಮತ್ತೆ ಮತ್ತೆ ಕಾಣಿಸುತ್ತಿದ್ದರೆ, ಕ್ರಮದ ನಿಯಮ ತಲುಪದ ಕೋಡ್ ಎಲ್ಲೋ ಉಳಿದಿದೆ ಎಂದೇ ತಿಳಿಯಬೇಕು.